ಆ ಒಂದು ಸೆಕೆಂಡಿನ ನೋಟ

ಗೆಳೆಯಾ,

ನಿನ್ನ ಕಿರುಚಿತ್ರದ ಮೊದಲ ಕಟ್ ನೋಡಿದೆ. ಮೀಟಿಂಗ್ ದೃಶ್ಯ ನೋಡಿ ಚೆನ್ನಾಗಿ ನಕ್ಕೆ. ಸಮಯ ಉಳಿಸುವುದು ಹೇಗೆ ಅಂತ ಮ್ಯಾನೇಜರ್ ಗಂಟೆಗಟ್ಟಲೆ ಕೊರೆಯುತ್ತಾನೆ, ನಿನ್ನ ಹೀರೋ ತಲೆಯಾಡಿಸುತ್ತಾ ಕೂತಿರುತ್ತಾನೆ. ಆದರೆ ಅವನು ಮೂರು ಸಲ ನಮ್ಮ ಕಡೆ ತಿರುಗಿ ನೋಡುತ್ತಾನಲ್ಲ, ಅದರ ಬಗ್ಗೆ ನಿನ್ನ ಜೊತೆ ಸ್ವಲ್ಪ ಜಗಳ ಆಡಬೇಕು.

1983ರ ‘ಟ್ರೇಡಿಂಗ್ ಪ್ಲೇಸಸ್’ ಸಿನಿಮಾ ನೆನಪಿದೆಯಾ? ಇಬ್ಬರು ಶ್ರೀಮಂತ ಅಣ್ಣತಮ್ಮಂದಿರು ಪಂದ್ಯ ಕಟ್ಟಿಕೊಂಡು, ಬೀದಿಯಲ್ಲಿ ಬೇಡುತ್ತಿದ್ದ ಎಡ್ಡಿ ಮರ್ಫಿಯನ್ನು ತಮ್ಮ ಕಂಪನಿಗೆ ಕರೆತರುತ್ತಾರೆ. ಸರಕುಗಳ ವ್ಯಾಪಾರ ಅಂದರೆ ಏನು ಅಂತ ಅವನಿಗೆ ಪಾಠ ಶುರು ಮಾಡುತ್ತಾರೆ. ಹಂದಿಮಾಂಸದಿಂದ ಬೇಕನ್ ಮಾಡುತ್ತಾರೆ, ಆ ಬೇಕನ್ ಸ್ಯಾಂಡ್‌ವಿಚ್‌ನಲ್ಲಿ ಸಿಗಬಹುದು ಅಂತ ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳುತ್ತಾರೆ. ಮರ್ಫಿ ಬಾಯಿ ಬಿಡುವುದಿಲ್ಲ. ನೇರವಾಗಿ ಲೆನ್ಸ್ ನೋಡುತ್ತಾನೆ. ಅಷ್ಟೇ.

ಆ ನೋಟ ಏನು ಮಾಡಿತು ಅಂತ ನೋಡು. ಅಲ್ಲಿಯವರೆಗೆ ಆ ದೊಡ್ಡ ಕೋಣೆಗೆ ಅವನೇ ಹೊರಗಿನವನು, ಏನೂ ಗೊತ್ತಿಲ್ಲದವನು. ನಾವು ಅವನನ್ನು ನೋಡಿ ನಗೋಕೆ ತಯಾರಾಗಿ ಕೂತಿರುತ್ತೇವೆ. ಅವನು ನಮ್ಮನ್ನು ನೋಡಿದ ಕೂಡಲೇ ನಗುವಿನ ದಿಕ್ಕೇ ಬದಲಾಗುತ್ತದೆ. ಈಗ ಪೆದ್ದರು ಆ ಅಣ್ಣತಮ್ಮಂದಿರು, ಅದು ಗೊತ್ತಿರುವುದು ಅವನಿಗೆ ಮತ್ತು ನಮಗೆ ಮಾತ್ರ. ಅವನು ಅವರೆದುರು ಮಾತಾಡುವ ಸ್ಥಿತಿಯಲ್ಲಿಲ್ಲ, ಅದಕ್ಕೇ ನಮ್ಮ ಹತ್ತಿರ ಬಂದ. ತಿರುಗಿ ಬೈಯಬಲ್ಲವನು ಕ್ಯಾಮೆರಾ ನೋಡಿದರೆ ಅದರಲ್ಲಿ ಅರ್ಧ ಮಜಾನೂ ಇರುವುದಿಲ್ಲ.

ಇನ್ನೊಂದು ವಿಷಯ. ಅವನ ಮುಖ ಹೆಚ್ಚುಕಡಿಮೆ ಖಾಲಿ. ಕಣ್ಣು ಹೊಡೆಯಲ್ಲ, ಹಲ್ಲು ಕಿರಿಯಲ್ಲ. ‘ಇವರಿಗೇನು ತಲೆ ಕೆಟ್ಟಿದೆಯಾ’ ಅನ್ನುವ ಮಾತನ್ನು ತುಂಬಿಕೊಳ್ಳುವವರು ನಾವು. ಹಾಗೆ ತುಂಬಿಕೊಂಡಾಗಲೇ ನಗು ಬರುವುದು. ನಿನ್ನ ಹೀರೋ ಹುಬ್ಬು ಏರಿಸಿ, ತುಟಿ ಸೊಟ್ಟ ಮಾಡಿ, ಮೂರನೇ ಸಲ ‘ನೋಡಿದ್ರಾ?’ ಅಂತಲೂ ಕೇಳುತ್ತಾನೆ. ನಮಗೆ ಮಾಡೋಕೆ ಏನೂ ಉಳಿಯಲ್ಲ, ಮಾರಾಯ. ಜೋಕ್ ಹೇಳಿ ತಾನೇ ಅರ್ಥ ಬಿಡಿಸುವವನ ಹಾಗೆ ಆಗುತ್ತದೆ.

ಅದಕ್ಕೇ ಹೇಳುವುದು, ಮೊದಲಿನ ಎರಡು ನೋಟ ತೆಗೆದುಬಿಡು. ಮೂರನೆಯದನ್ನು ಜಾಗ ಬದಲಿಸಿ ಇಡು. ಅಷ್ಟೊತ್ತು ಕೊರೆದ ಮ್ಯಾನೇಜರ್ ‘ಚಿಕ್ಕದಾಗಿ ಹೇಳಬೇಕಂದ್ರೆ’ ಅನ್ನುತ್ತಾನಲ್ಲ, ಅಲ್ಲಿ. ಅವನ ಮಾತು ನಿಲ್ಲಬಾರದು, ಮುಂದಿನ ವಾಕ್ಯ ನೋಟದ ಕೆಳಗೇ ಹರಿಯುತ್ತಿರಲಿ. ಮಾತು ನಿಲ್ಲಿಸಿದರೆ ‘ಈಗ ನಗಿ’ ಅಂತ ಜಾಗ ಬಿಟ್ಟ ಹಾಗೆ ಕಾಣುತ್ತದೆ. ಕ್ಲೋಸಪ್‌ಗೂ ಹಾರಬೇಡ. ಇಬ್ಬರೂ ಒಂದೇ ಫ್ರೇಮಿನಲ್ಲಿರಲಿ, ಕಣ್ಣು ಮಾತ್ರ ತಿರುಗಲಿ. ಸುಮಾರು ಒಂದು ಸೆಕೆಂಡು, ಅಂದರೆ 24 ಫ್ರೇಮ್, ಸಾಕು. ನೋಡುಗ ನಗೋಕೆ ಶುರುಮಾಡಿದ ಮೇಲೆ ನೋಟ ಬಂದರೆ ತಡವಾಯಿತು. ಆಗ ಹೀರೋ ನಮ್ಮ ಹಿಂದೆ ಓಡಿಬಂದ ಹಾಗಿರುತ್ತದೆ.

ನಿನ್ನ ಎರಡನೇ ಶಾಟ್‌ನಲ್ಲಿ ಅವನ ಕಣ್ಣು ಲೆನ್ಸಿನ ಮೇಲಿಲ್ಲ, ಪಕ್ಕಕ್ಕಿದೆ. ನೀನು ಅಲ್ಲೇ ನಿಂತಿದ್ದೆ ಅಲ್ವಾ? ಕೂದಲೆಳೆಯಷ್ಟು ತಪ್ಪಿದರೂ ಅವನು ನಮ್ಮ ಪಕ್ಕದವನನ್ನು ನೋಡುತ್ತಿದ್ದಾನೆ ಅನ್ನಿಸುತ್ತದೆ. ಮತ್ತೆ ಶೂಟ್ ಮಾಡುವಾಗ ಲೆನ್ಸಿನ ನಟ್ಟನಡುವೆ ನೋಡು ಅಂತ ಹೇಳು, ನೀನು ದೂರ ಹೋಗಿ ನಿಲ್ಲು.

‘ದಿ ಆಫೀಸ್’ ಟಿವಿ ಸರಣಿಯಲ್ಲಿ ಹತ್ತಾರು ಸಲ ಕ್ಯಾಮೆರಾ ನೋಡುತ್ತಾರಲ್ಲ ಅಂತ ನೀನು ಕೇಳೇ ಕೇಳುತ್ತೀಯ. ಅಲ್ಲಿನ ಲೆಕ್ಕ ಬೇರೆ. ಕಥೆಯೊಳಗೇ ಡಾಕ್ಯುಮೆಂಟರಿ ತಂಡವಿದೆ, ಆ ಕ್ಯಾಮೆರಾ ಇರುವುದು ಎಲ್ಲರಿಗೂ ಗೊತ್ತು. ಪಾತ್ರಕ್ಕೂ ನೋಡುಗನಿಗೂ ನಡುವೆ ಇದೆ ಅಂದುಕೊಳ್ಳುವ ಆ ನಾಲ್ಕನೇ ಗೋಡೆ ಅಲ್ಲಿ ಪೂರ್ತಿ ಒಡೆಯುವುದೇ ಇಲ್ಲ. ನಿನ್ನ ಚಿತ್ರದಲ್ಲಿ ಕ್ಯಾಮೆರಾ ಇದೆ ಅಂತ ಯಾರಿಗೂ ಗೊತ್ತಿರಬಾರದು, ಅವನೊಬ್ಬನನ್ನು ಬಿಟ್ಟು.

ನಿನ್ನ ಕೊನೆಯ ದೃಶ್ಯದ ಬಗ್ಗೆ. ಮ್ಯಾನೇಜರ್ ‘ಯಾರನ್ನ ನೋಡ್ತಿದ್ದೀಯ?’ ಅಂತ ಕೇಳಿದರೆ ಹೇಗೆ ಅಂತ ಬರೆದಿದ್ದೀಯ. ‘ಫ್ಲೀಬ್ಯಾಗ್’ ಅನ್ನುವ ಟಿವಿ ಸರಣಿ ಇದನ್ನು ಮಾಡಿದೆ, 2019ರ ಎರಡನೇ ಸೀಸನ್‌ನಲ್ಲಿ. ಮೊದಲ ಸೀಸನ್ ಪೂರ್ತಿ ಅದರ ನಾಯಕಿ ನಮ್ಮ ಕಡೆ ತಿರುಗಿ ಪಿಸುಗುಡುತ್ತಾಳೆ, ಯಾರಿಗೂ ಕಾಣುವುದಿಲ್ಲ. ಆಮೇಲೆ ಅವಳನ್ನು ಇಷ್ಟಪಡುವ ಪಾದ್ರಿ ಗಮನಿಸಿಬಿಡುತ್ತಾನೆ, ಎಲ್ಲಿಗೆ ಹೋದೆ ಅಂತ ಕೇಳುತ್ತಾನೆ. ಎದೆ ಧಸಕ್ ಅನ್ನುತ್ತದೆ. ಪ್ರತಿ ಸಲ ನಮ್ಮ ಹತ್ತಿರ ಬರುವಾಗ ಅವಳು ಎದುರಿಗಿರುವವರನ್ನು ಬಿಟ್ಟು ಬರುತ್ತಿದ್ದಳು ಅಂತ ಆಗ ಹೊಳೆಯುತ್ತದೆ. ಇಷ್ಟು ದಿನದ ತಮಾಷೆ ಅವಳು ಬಚ್ಚಿಟ್ಟುಕೊಳ್ಳುವ ಜಾಗ ಆಗಿತ್ತು.

ಆ ಪ್ರಶ್ನೆಗೆ ಅಷ್ಟು ತೂಕ ಬಂದಿದ್ದು ಅದನ್ನು ಕೇಳಿದವನು ಅವಳನ್ನು ಸರಿಯಾಗಿ ನೋಡುವವನು ಅನ್ನುವ ಕಾರಣಕ್ಕೆ. ನಿನ್ನ ಮ್ಯಾನೇಜರ್ ತನ್ನ ಸ್ಲೈಡ್ ಬಿಟ್ಟು ಬೇರೇನೂ ನೋಡದವನು. ಅವನ ಬಾಯಲ್ಲಿ ಅದನ್ನು ಹಾಕಬೇಡ. ಮೂಲೆಯಲ್ಲಿ ನೋಟ್ಸ್ ಬರೆಯುತ್ತಾ ಕೂತಿರುವ ಹುಡುಗಿ ಇದ್ದಾಳಲ್ಲ, ಅವಳು ತಲೆ ಎತ್ತಿ ಅವನನ್ನು ನೋಡಿ, ಆಮೇಲೆ ಅವನು ನೋಡಿದ ಕಡೆ ತಾನೂ ನೋಡಿದರೆ ಹೇಗೆ? ಒಂದು ಟೇಕ್ ತೆಗೆದು ಕಳಿಸು.

ನಿನ್ನವನೇ.