ನಾಳೆಯ ಪಾಠಕ್ಕೆ ಮುಂಚೆ: ಒಂದು ಚೀಲ, ಎರಡು ಚೀಲ

ರಷ್ಯಾದ ಅಂಗಡಿಯಲ್ಲಿ ಬಿಲ್ ಹಾಕುವವರು ‘ಪಕ್ಯೇತ್ ನೂಝೆನ್?’ ಅಂತ ಕೇಳುತ್ತಾರೆ. ಚೀಲ ಬೇಕಾ ಅಂತ. ನಮ್ಮಲ್ಲಿ ಎರಡಾದರೂ ಐದಾದರೂ ಚೀಲ ಚೀಲವೇ, ಅಲ್ವಾ? ಅಲ್ಲಿ ಹಾಗಲ್ಲ. ಒಂದಕ್ಕೆ ‘ಅದೀನ್ ಪಕ್ಯೇತ್’. 2, 3, 4ರ ನಂತರ ಷಷ್ಠಿ ಏಕವಚನ: ‘ದ್ವಾ ಪಕ್ಯೇತಾ’. 5ರಿಂದ 20ರವರೆಗೆ ಷಷ್ಠಿ ಬಹುವಚನ: ‘ಪ್ಯಾತ್ ಪಕ್ಯೇತಫ್’.

21 ಬಂದರೆ ಮತ್ತೆ ಬರೀ ‘ಪಕ್ಯೇತ್’, ಯಾಕಂದ್ರೆ ಕೊನೆಗೆ ಕೇಳಿಸುವುದು ‘ಅದೀನ್’. ಹೆಚ್ಚಿನವರು ಎಡವುವುದು 11ರಿಂದ 14ರಲ್ಲಿ. ಕೊನೆಯ ಅಂಕಿ ನೋಡಿ ಮೋಸ ಹೋಗಬೇಡಿ, ಅಲ್ಲೂ ‘ಪಕ್ಯೇತಫ್’ ಅಂತಲೇ.

ಚೀಲವೇ ಬೇಡವೇ? ‘ಬೆಸ್ ಪಕ್ಯೇತಾ’ ಅನ್ನಿ. ‘ಬೆಸ್’ ಅಂದರೆ ಇಲ್ಲದೆ. ಅದರ ಮುಂದೆಯೂ ಷಷ್ಠಿಯೇ ಬರಬೇಕು. ತಮಾಷೆ ನೋಡಿ, ಎರಡು ಚೀಲ ಬೇಕು ಅನ್ನುವಾಗಲೂ ಒಂದೂ ಬೇಡ ಅನ್ನುವಾಗಲೂ ಅದೇ ‘ಪಕ್ಯೇತಾ’!