ಪರೀಕ್ಷೆಯಲ್ಲಿ ಕೀ ಒತ್ತುವುದನ್ನು ಇನ್ನು ದಾಖಲಿಸುವುದಿಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಕಲಬುರಗಿ, ಬೀದರ್, ಯಾದಗಿರಿಯಲ್ಲಿ ನಮ್ಮ ತಂತ್ರಾಂಶದ ಮೇಲೆ ಆನ್‌ಲೈನ್ ಪರೀಕ್ಷೆ ಇಡುವ ಎಲ್ಲ ಪ್ರಾಂಶುಪಾಲರಿಗೆ, ಮೇಷ್ಟ್ರುಗಳಿಗೆ, ಮೇಡಂಗಳಿಗೆ, ಕೋಚಿಂಗ್ ಸೆಂಟರ್ ನಡೆಸುವವರಿಗೆ ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ವಿದ್ಯಾರ್ಥಿ ಒತ್ತುವ ಒಂದೊಂದು ಕೀಯನ್ನೂ ದಾಖಲಿಸುವುದನ್ನು ನಾವು ನಿಲ್ಲಿಸುತ್ತಿದ್ದೇವೆ. ನಕಲಿನ ಅನುಮಾನ ಅಂತ ಉತ್ತರದ ಪಕ್ಕ ಬರುತ್ತಿದ್ದ ಕೆಂಪು ಗುರುತು ಹೋಗುತ್ತದೆ. ‘ಸ್ವಂತ ಟೈಪಿಂಗ್ ಶೇಕಡಾ ಇಷ್ಟು’ ಅನ್ನುವ ಅಂಕಿಯೂ ಹೋಗುತ್ತದೆ. ಪೇಸ್ಟ್ ಮಾಡಿದ್ದರ ದಾಖಲೆ ಉಳಿಯುತ್ತದೆ, ಆದರೆ ಬೇರೆ ರೀತಿಯಲ್ಲಿ. ನಿಮ್ಮಲ್ಲಿ ಕೆಲವರು ಆ ಕೆಂಪು ಗುರುತು ನೋಡಿಯೇ ನಮ್ಮ ಹತ್ತಿರ ಬಂದವರು. ಹಾಗಾಗಿ ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳಬೇಕು.

ಇದು ಶುರುವಾಗಿದ್ದು ಯಾದಗಿರಿ ಕಡೆಯ ಒಂದು ಕಾಲೇಜಿನ ಕಿರುಪರೀಕ್ಷೆಯಿಂದ. 45 ನಿಮಿಷ, ಎರಡು ಪ್ರಶ್ನೆ. ಒಂದು ಪ್ರಶ್ನೆ ತೊಗರಿ ಬೆಲೆ ಬಿದ್ದಾಗ ರೈತರ ಮುಂದೆ ಏನೇನು ದಾರಿ ಇವೆ ಅನ್ನುವುದು. ಒಬ್ಬ ಹುಡುಗಿ ಮೊಬೈಲ್‌ನಲ್ಲೇ ಉತ್ತರ ಬರೆದಿದ್ದಳು. ನಮ್ಮ ವರದಿ ಹೇಳಿದ್ದು: ಸ್ವಂತ ಟೈಪಿಂಗ್ ಶೇಕಡಾ 31, ಪೇಸ್ಟ್ ಒಂದು ಸಲ, 212 ಅಕ್ಷರ. ಮೇಷ್ಟ್ರು ಸೊನ್ನೆ ಕೊಟ್ಟರು. ಅವರ ತಪ್ಪಲ್ಲ, ಕೆಂಪು ಗುರುತು ಹಾಕಿದವರು ನಾವು.

ಎರಡು ದಿನದ ಮೇಲೆ ಆಕೆಯ ತಂದೆ ಬೆಳಗಿನ ಬಸ್ಸಿಗೆ ಕಲಬುರಗಿಗೆ ಬಂದು, ನಮ್ಮ ಆಫೀಸಿನ ಮೇಜಿನ ಮೇಲೆ ಮಗಳ ಫೋನ್ ಇಟ್ಟರು. “ಎಲ್ಲಿಂದ ಕದ್ದಾಳ್ರೀ ನಮ್ಮ ಹುಡುಗಿ? ಅದನ್ನಷ್ಟು ತೋರಸ್ರಿ, ನಾ ಹೋಗ್ತೀನಿ” ಅಂದರು. ನಮ್ಮ ಹತ್ತಿರ ತೋರಿಸುವುದಕ್ಕೆ ಏನೂ ಇರಲಿಲ್ಲ. ಅವರನ್ನು ಕೂರಿಸಿ, ಚಹಾ ತರಿಸಿ, ಕೀ ಒತ್ತಿದ್ದರ ದಾಖಲೆ, ಅಂದರೆ ಲಾಗ್ ತೆಗೆದು ಕೂತೆವು.

ಮೊದಲು ಆ 31. ಎಷ್ಟು ಸಲ ಕೀ ಒತ್ತಿದ್ದಾರೆ, ಉತ್ತರದಲ್ಲಿ ಎಷ್ಟು ಅಕ್ಷರ ಇವೆ, ಎರಡನ್ನೂ ಹೋಲಿಸಿ ನಮ್ಮ ತಂತ್ರಾಂಶ ಈ ಅಂಕಿ ಕೊಡುತ್ತಿತ್ತು. ಕಂಪ್ಯೂಟರಿನ ಮುಂದೆ ಕೂತು ಇಂಗ್ಲಿಷ್ ಬರೆಯುವವರಿಗೆ ಈ ಲೆಕ್ಕ ಹೆಚ್ಚುಕಡಿಮೆ ಸರಿ. ಮೊಬೈಲ್‌ನಲ್ಲಿ ಕನ್ನಡ ಬರೆಯುವವರಿಗೆ ಪೂರ್ತಿ ತಪ್ಪು. ಆಂಡ್ರಾಯ್ಡ್ ಫೋನಿನ ಬ್ರೌಸರ್‌ನಲ್ಲಿ ಯಾವ ಕೀ ಒತ್ತಿದರು ಅನ್ನುವುದು ಬಹಳ ಸಲ ಪುಟಕ್ಕೆ ಗೊತ್ತೇ ಆಗುವುದಿಲ್ಲ. ಬರುವುದು ಇಷ್ಟೇ:

```
keydown  keyCode 229  key "Unidentified"
input    insertCompositionText  "ತೊಗರಿ"
```

229 ಅಂದರೆ ‘ಕೀಬೋರ್ಡ್ ಆ್ಯಪ್ ಏನೋ ಮಾಡುತ್ತಿದೆ, ಮುಗಿದ ಮೇಲೆ ಪದ ಕೊಡುತ್ತದೆ’ ಅಂತ ಅಷ್ಟೇ. ಹುಡುಗಿ ‘toga’ ಅಂತ ಒತ್ತಿ, ಮೇಲೆ ಬಂದ ಪಟ್ಟಿಯಲ್ಲಿ ‘ತೊಗರಿ’ ಮುಟ್ಟಿದ್ದಾಳೆ. ಪದ ಒಂದೇ ಏಟಿಗೆ ಬಿದ್ದಿದೆ. ಬೆರಳು ಜಾರಿಸಿ ಬರೆದರೂ ಹೀಗೇ, ಮಾತಾಡಿ ಬರೆಸಿದರೆ ಒಂದು ಇಡೀ ವಾಕ್ಯವೇ ಹೀಗೆ ಬೀಳುತ್ತದೆ. ಅದರ ಮೇಲೆ ಅಕ್ಷರದ ಎಣಿಕೆಯೂ ನಾವು ನೀವು ಎಣಿಸುವಂತೆ ಅಲ್ಲ. ‘ಸ್ತ್ರೀ’ ನಮಗೆ ಒಂದು ಅಕ್ಷರ. ಯೂನಿಕೋಡ್‌ನಲ್ಲಿ ಅದು ಆರು: ಸ, ಅರ್ಧಾಕ್ಷರದ ಗುರುತು, ತ, ಮತ್ತೆ ಅರ್ಧಾಕ್ಷರದ ಗುರುತು, ರ, ಈಕಾರದ ಗುರುತು. ಹೀಗೆ ಒಂದು ಕಡೆ ಕೀಗಳು ಕಡಿಮೆ, ಇನ್ನೊಂದು ಕಡೆ ಅಕ್ಷರಗಳು ಜಾಸ್ತಿ. ಪಟ್ಟಿಯಿಂದ ಪದ ಆರಿಸಿಕೊಂಡು ಚಟಪಟ ಬರೆಯುವ ಹುಡುಗರೆಲ್ಲ ನಮ್ಮ ಲೆಕ್ಕದಲ್ಲಿ ಕಳ್ಳರೇ.

ಆಮೇಲೆ ಆ 212. ಪೇಸ್ಟ್ ಆಗಿದ್ದು ನಿಜ, 10:42ಕ್ಕೆ. ಆದರೆ ನಮ್ಮ ತಂತ್ರಾಂಶ ಪೇಸ್ಟ್ ನೋಡುತ್ತಿತ್ತೇ ಹೊರತು ಕಟ್ ನೋಡುತ್ತಿರಲಿಲ್ಲ. ಪುಣ್ಯಕ್ಕೆ ಕರೆಂಟ್ ಹೋದರೆ ಉತ್ತರ ಕಳೆಯಬಾರದು ಅಂತ 10 ಸೆಕೆಂಡಿಗೊಮ್ಮೆ ಇಡೀ ಉತ್ತರ ಸೇವ್ ಆಗುತ್ತಿತ್ತು. ಆ ಪ್ರತಿಗಳನ್ನು ಒಂದರ ಪಕ್ಕ ಒಂದು ಇಟ್ಟೆವು. 10:42:00ರ ಪ್ರತಿಯಲ್ಲಿ ಬೆಂಬಲ ಬೆಲೆಯ ಪ್ಯಾರಾ ಕೊನೆಯಲ್ಲಿದೆ. 10:42:10ಕ್ಕೆ ಇಲ್ಲ. 10:42:20ಕ್ಕೆ ಅದೇ ಪ್ಯಾರಾ ಮೊದಲಿಗೆ ಬಂದು ಕೂತಿದೆ. ಹುಡುಗಿ ತಾನೇ ಬರೆದ ಪ್ಯಾರಾವನ್ನು ಕೆಳಗಿಂದ ತೆಗೆದು ಮೇಲೆ ಹಾಕಿದ್ದಳು. ಕಾಗದದ ಮೇಲೆ ಬಾಣ ಎಳೆದು ‘ಇದನ್ನು ಮೊದಲು ಓದಿ’ ಅಂತ ಬರೆಯುತ್ತೇವಲ್ಲ, ಅದೇ. ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆವು. ಅವರು ಮತ್ತೆ ಓದಿ 10ಕ್ಕೆ 6 ಕೊಟ್ಟರು.

ಅಂದು ಸಂಜೆ ನಮ್ಮಲ್ಲೇ ಒಬ್ಬರು ಉಲ್ಟಾ ಪ್ರಯೋಗ ಮಾಡಿದರು. ಮೇಜಿನ ಮೇಲೆ ಪೇಪರ್ ಹರಡಿಕೊಂಡು, ಅದರಲ್ಲಿದ್ದ ಒಂದು ಲೇಖನವನ್ನು ನೋಡಿ ನೋಡಿ ಕಂಪ್ಯೂಟರಿನಲ್ಲಿ ಟೈಪ್ ಮಾಡಿದರು. ಒಂದು ವಾಕ್ಯವೂ ಅವರದಲ್ಲ. ವರದಿ ಏನು ಬಂತು ಗೊತ್ತಾ? ಪೇಸ್ಟ್ ಸೊನ್ನೆ, ಸ್ವಂತ ಟೈಪಿಂಗ್ ಶೇಕಡಾ 100, ಹಸಿರು ಗುರುತು.

ಲಾಗ್‌ಗೆ ಗೊತ್ತಾಗುವುದು ಅಕ್ಷರ ಪೆಟ್ಟಿಗೆಯೊಳಗೆ ಹೇಗೆ ಬಂತು ಅನ್ನುವುದು. ಯಾರ ತಲೆಯಿಂದ ಬಂತು ಅನ್ನುವುದಲ್ಲ. ಬರವಣಿಗೆ ಹೇಗೆ ನಡೆಯುತ್ತದೆ ಅಂತ ಅಧ್ಯಯನ ಮಾಡುವ ಸಂಶೋಧಕರು ಕೀ ಲಾಗ್ ಬಳಸುತ್ತಾರೆ, ನಿಜ. ಬರೆಯುವವರು ಎಲ್ಲಿ 2 ಸೆಕೆಂಡಿಗಿಂತ ಜಾಸ್ತಿ ನಿಂತರು, ಎಲ್ಲಿ ಹಿಂದೆ ಹೋಗಿ ತಿದ್ದಿದರು ಅಂತ ನೋಡುತ್ತಾರೆ. ನೋಡಿ ಬರೆಯುವವರು ಕಡಿಮೆ ನಿಲ್ಲುತ್ತಾರೆ, ಕಡಿಮೆ ತಿದ್ದುತ್ತಾರೆ. ಆದರೆ ಪ್ರಬಂಧ ಬಾಯಿಪಾಠ ಮಾಡಿ ಬಂದ ಹುಡುಗನೂ ಹಾಗೇ ಬರೆಯುತ್ತಾನೆ ಅಲ್ವಾ? ನಮ್ಮ ಕಡೆ ಪ್ರಬಂಧ ಬಾಯಿಪಾಠ ಮಾಡದವರು ಎಷ್ಟು ಜನ? ನುಡಿ ಕೀಲಿಮಣೆಗೆ ಒಗ್ಗಿದವರು ಬೇರೆ ಕಡೆ ಬರೆದು ತಂದು ಹಾಕುತ್ತಾರೆ. ಅದು ಒಂದೇ ದೊಡ್ಡ ಪೇಸ್ಟ್, ಬರೆದದ್ದು ಮಾತ್ರ ಅವರೇ.

ಈಗ ನಮಗೆ ಜಾಸ್ತಿ ಮುಜುಗರ ಆದ ವಿಷಯ. ಹಳೆಯ ಲಾಗ್‌ಗಳನ್ನು ತಿರುವಿ ಹಾಕುವಾಗ ಒಂದು ಕಡೆ ಒಂದು ಸಾಲು ಕಣ್ಣಿಗೆ ಬಿತ್ತು. ಯಾರೋ ವಿದ್ಯಾರ್ಥಿ ಉತ್ತರದ ಪೆಟ್ಟಿಗೆಯಲ್ಲಿ ಮೊದಲು ಒಂದು ಇಮೇಲ್ ವಿಳಾಸ, ಆಮೇಲೆ ಯಾವುದೋ ಪಾಸ್‌ವರ್ಡ್ ಒತ್ತಿದ್ದಾನೆ. ಬೇರೆ ಟ್ಯಾಬ್‌ನಲ್ಲಿದ್ದೇನೆ ಅಂದುಕೊಂಡಿರಬೇಕು. ತಕ್ಷಣ ಅಳಿಸಿದ್ದಾನೆ. ಉತ್ತರದಲ್ಲಿ ಅದು ಇಲ್ಲ, ಮೇಷ್ಟ್ರಿಗೆ ಕಾಣಿಸಿಲ್ಲ. ನಮ್ಮ ಸರ್ವರ್‌ನಲ್ಲಿ ಮಾತ್ರ ಒಂದೊಂದು ಅಕ್ಷರವೂ ಕ್ರಮವಾಗಿ ಕೂತಿದೆ. ಕೀ ಲಾಗ್‌ನಲ್ಲಿ ಅಳಿಸಿದ್ದು ಅಳಿಯುವುದಿಲ್ಲ. ಬೇಡ ಅಂತ ಹೊಡೆದು ಹಾಕಿದ ವಾಕ್ಯ, ಸಿಟ್ಟಿಗೆ ಬರೆದು ತೆಗೆದ ಬೈಗುಳ, ಎಲ್ಲ ಇರುತ್ತದೆ. ಇದನ್ನೆಲ್ಲ ಇಟ್ಟುಕೊಳ್ಳಿ ಅಂತ ನಮಗೆ ಯಾರೂ ಹೇಳಿರಲಿಲ್ಲ. ಸುಮ್ನೆ ಇಟ್ಟುಕೊಂಡಿದ್ದೆವು.

ಯಾವ ಅಕ್ಷರ ಅನ್ನುವುದನ್ನು ಬಿಟ್ಟು ಬರೀ ಸಮಯ ಇಟ್ಟುಕೊಂಡರೆ ಆಗದೇ ಅಂತ ನಮ್ಮ ಹುಡುಗನೊಬ್ಬ ಕೇಳಿದ. ಆಗದು. ಕೀ ಎಷ್ಟು ಹೊತ್ತು ಒತ್ತಿ ಹಿಡಿದರು, ಒಂದು ಬಿಟ್ಟು ಇನ್ನೊಂದಕ್ಕೆ ಹೋಗಲು ಎಷ್ಟು ಹೊತ್ತು ಹಿಡಿಯಿತು, ಈ ಲಯ ನಡಿಗೆಯ ಹಾಗೆ ಆಯಾ ಮನುಷ್ಯನದು. 2009ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 51 ಜನರಿಂದ ಒಂದೇ ಪಾಸ್‌ವರ್ಡ್ ಅನ್ನು ತಲಾ 400 ಸಲ ಟೈಪ್ ಮಾಡಿಸಿ, ಬರೀ ಸಮಯದ ಮೇಲೆ ಒಬ್ಬರಿಂದ ಒಬ್ಬರನ್ನು ಎಷ್ಟರ ಮಟ್ಟಿಗೆ ಬೇರೆ ಮಾಡಬಹುದು ಅಂತ ಪರೀಕ್ಷಿಸಿದ್ದರು. ತಪ್ಪುಗಳಾದವು, ಆದರೆ ಲಯದಲ್ಲಿ ಗುರುತು ಇದೆ ಅನ್ನುವುದು ಖಾತ್ರಿ. ಕೀ ಹಿಡಿಯುವ ಸಮಯದಿಂದ ಪಾರ್ಕಿನ್ಸನ್ ಕಾಯಿಲೆಯ ಆರಂಭದ ಲಕ್ಷಣ ಕಾಣುತ್ತದೆಯೇ ಅಂತಲೂ ಸಂಶೋಧನೆ ನಡೆದಿದೆ. ಕಿರುಪರೀಕ್ಷೆಗೆ ಕೂತ ಹುಡುಗರ ಕೈಯ ಗುಟ್ಟು ನಮಗೆ ಯಾಕೆ ಬೇಕು? ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಬೆರಳಿನ ಲಯ ಬದಲಾಯಿಸುವುದು ಹೇಗೆ?

ಕಾನೂನಿನ ಮಾತು ಒಂದೆರಡು ಸಾಲಿನಲ್ಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಉದ್ದೇಶಕ್ಕೆ ಬೇಕಾದಷ್ಟೇ ಮಾಹಿತಿಗೆ ಒಪ್ಪಿಗೆ ಪಡೆಯಬೇಕು. 18 ತುಂಬದವರೆಲ್ಲ ಅದರ ಲೆಕ್ಕದಲ್ಲಿ ಮಕ್ಕಳು. ಅಂದರೆ ನಿಮ್ಮ ಪಿಯುಸಿ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು. ಮಕ್ಕಳ ವರ್ತನೆಯ ಮೇಲೆ ಕಣ್ಣಿಡುವುದನ್ನು ಕಾಯ್ದೆ ತಡೆಯುತ್ತದೆ. ನಿಯಮಗಳಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಒಂದಿಷ್ಟು ವಿನಾಯಿತಿ ಇದೆ, ಆದರೆ ವಿನಾಯಿತಿ ಇದೆ ಅಂತ ಬೇಡದ್ದನ್ನೆಲ್ಲ ಕೂಡಿಡಬೇಕಿಲ್ಲ. ಇನ್ನೊಂದು ನೆನಪಿಡಿ: ದತ್ತಾಂಶ ನಮ್ಮ ಸರ್ವರ್‌ನಲ್ಲಿದ್ದರೂ ಕಾಯ್ದೆ ಮೊದಲು ಕೇಳುವುದು ಪರೀಕ್ಷೆ ಇಟ್ಟ ನಿಮ್ಮನ್ನು.

ಇನ್ನು ಮುಂದೆ ನಡೆಯುವುದು ಹೀಗೆ. ಪೇಸ್ಟ್ ಆದಾಗ ಸಮಯ ಮತ್ತು ಉದ್ದ ದಾಖಲಾಗುತ್ತದೆ. ಆ ಪಠ್ಯ ಅದೇ ಉತ್ತರದಿಂದ ಕಟ್ ಅಥವಾ ಕಾಪಿ ಮಾಡಿದ್ದೋ ಅಂತ ವಿದ್ಯಾರ್ಥಿಯ ಬ್ರೌಸರ್‌ನಲ್ಲೇ ನೋಡಿ, ‘ಒಳಗಿನದು’ ಅಥವಾ ‘ಹೊರಗಿನದು’ ಅಂತ ಒಂದು ಮಾತು ಮಾತ್ರ ನಮಗೆ ಬರುತ್ತದೆ. ಯಾದಗಿರಿಯ ಹುಡುಗಿಯದು ಈಗ ಹೀಗೆ ಕಾಣುತ್ತಿತ್ತು:

```
10:42:07  deleteByCut      212
10:42:19  insertFromPaste  212  ಒಳಗಿನದು
```

ಉತ್ತರದ ಪ್ರತಿ 10ರ ಬದಲು 30 ಸೆಕೆಂಡಿಗೊಮ್ಮೆ ಸೇವ್ ಆಗುತ್ತದೆ. ಇದರಲ್ಲೂ ಖಾಸಗಿತನದ ಖರ್ಚು ಇಲ್ಲ ಅಂತ ಹೇಳುವುದಿಲ್ಲ. ಬರೆದು ಅಳಿಸಿದ್ದು ಸೇವ್ ಆಗುವ ಹೊತ್ತಿಗೆ ಪೆಟ್ಟಿಗೆಯಲ್ಲಿದ್ದರೆ ಉಳಿದುಬಿಡುತ್ತದೆ. ಆದರೆ ಕರೆಂಟಿಗೋಸ್ಕರ ಸೇವ್ ಬೇಕೇ ಬೇಕು, ಆ ಹುಡುಗಿಯನ್ನು ಉಳಿಸಿದ್ದೂ ಅದೇ. ಹಾಗಾಗಿ ಫಲಿತಾಂಶ ಬಂದು 30 ದಿನಕ್ಕೆ ಈ ಪ್ರತಿಗಳು ಅಳಿಯುತ್ತವೆ, ತಕರಾರು ಇದ್ದರೆ ಮಾತ್ರ ಅದು ಮುಗಿಯುವ ತನಕ ಇರುತ್ತವೆ. ಮೇಷ್ಟ್ರು ನೋಡುವ ಪ್ರತಿಗಳನ್ನು ವಿದ್ಯಾರ್ಥಿಯೂ ನೋಡಬಹುದು.

ನಿಮಗೆ ನಷ್ಟ ಏನು ಅನ್ನುವುದನ್ನೂ ಹೇಳಿಬಿಡುತ್ತೇವೆ. ನೋಡಿ ಟೈಪ್ ಮಾಡುವವರು ಸಿಗುವುದಿಲ್ಲ, ಮೊದಲೂ ಸಿಗುತ್ತಿರಲಿಲ್ಲ. ಫೋನಿನ ಕೀಬೋರ್ಡ್‌ನಲ್ಲೇ ಇರುವ ಕ್ಲಿಪ್‌ಬೋರ್ಡ್ ಪಟ್ಟಿ ಮುಟ್ಟಿ ಹಾಕಿದರೆ, ನಾವು ನೋಡಿದ ಫೋನುಗಳಲ್ಲಿ ಅದು ಪೇಸ್ಟ್ ಅಂತ ಬರುವುದೇ ಇಲ್ಲ. ಹೊರಗಿನ ದೊಡ್ಡ ಪೇಸ್ಟ್ ಕಂಡರೆ ಅದು ಪ್ರಶ್ನೆ ಕೇಳಲು ಕಾರಣ, ಸೊನ್ನೆ ಕೊಡಲು ಅಲ್ಲ. ಹುಡುಗನನ್ನು ಕರೆದು “ಈ ಪ್ಯಾರಾದಲ್ಲಿ ಬೆಂಬಲ ಬೆಲೆ ಅಂದೆಯಲ್ಲ, ಅದನ್ನು ಯಾರು ನಿಗದಿ ಮಾಡುತ್ತಾರೆ?” ಅಂತ ಐದು ನಿಮಿಷ ಕೇಳಿ. ನಮ್ಮ ಯಾವ ಅಂಕಿಗಿಂತಲೂ ಜಾಸ್ತಿ ಗೊತ್ತಾಗುತ್ತದೆ. ಬೇರೆ ಕಡೆ ಬರೆದು ತಂದು ಹಾಕಬಹುದೋ ಇಲ್ಲವೋ ಅನ್ನುವುದನ್ನು ಪರೀಕ್ಷೆಗೆ ಮುಂಚೆಯೇ ಹೇಳಿಬಿಡಿ.

ದರದಲ್ಲಿ ಬದಲಾವಣೆ ಇಲ್ಲ. ಕೆಂಪು ಗುರುತು ಇಲ್ಲದ ತಂತ್ರಾಂಶ ಬೇಡ ಅನ್ನುವವರಿಗೆ ಉಳಿದ ತಿಂಗಳುಗಳ ಹಣ ವಾಪಸ್ ಕೊಡುತ್ತೇವೆ, ಬೇಸರ ಇಲ್ಲ.

ಹಳೆಯ ಕೀ ಲಾಗ್‌ಗಳನ್ನು ಈ ತಿಂಗಳ ಕೊನೆಗೆ ಪೂರ್ತಿ ಅಳಿಸುತ್ತೇವೆ. ಅದಕ್ಕೂ ಮುಂಚೆ ಒಂದು ಕೆಲಸ ಬಾಕಿ ಇದೆ. ನಮ್ಮ ಕೆಂಪು ಗುರುತು ನೋಡಿ ಯಾರಿಗಾದರೂ ಅಂಕ ಕಡಿಮೆ ಮಾಡಿದ್ದರೆ, 20ನೇ ತಾರೀಖಿನೊಳಗೆ ಪರೀಕ್ಷೆಯ ದಿನ ಮತ್ತು ರೋಲ್ ನಂಬರ್ ಕಳಿಸಿ. ಹೆಸರು ಬೇಡ. ಆ ಉತ್ತರಗಳ ಸೇವ್ ಆದ ಪ್ರತಿಗಳನ್ನು ನಾವೇ ಕೂತು ಒಂದೊಂದಾಗಿ ನೋಡಿ, ಕಂಡದ್ದನ್ನು ಬರೆದು ಕಳಿಸುತ್ತೇವೆ. ಇದಕ್ಕೆ ಹಣ ಇಲ್ಲ.

ಇಂತಿ,
ನಿಮ್ಮ ಪರೀಕ್ಷಾ ತಂತ್ರಾಂಶದ ನಾಲ್ಕು ಜನ
ಕಲಬುರಗಿ