ಹನ್ನೆರಡು ತುಂಬಿದ ಮಗಳಿಗೆ, ಒಂದು ಖಾಲಿ ಪುಸ್ತಕದ ಜೊತೆ

ಪುಟ್ಟಿ,

ಕಾಗದ ಸುತ್ತಿದ ಪೊಟ್ಟಣ ನೋಡಿ ಕತೆ ಪುಸ್ತಕ ಅಂದುಕೊಂಡಿರ್ತೀಯ. ಬಿಚ್ಚಿದರೆ ಇನ್ನೂರು ಪುಟ, ಒಂದು ಅಕ್ಷರವೂ ಇಲ್ಲ. ಬೇಜಾರಾಗಬೇಡ, ಯಾಕೆ ಇದನ್ನೇ ಆರಿಸಿದೆ ಅಂತ ಹೇಳ್ತೀನಿ.

ಎರಡು ವರ್ಷದ ಹಿಂದೆ ಅಪ್ಪನಿಗೆ ಆಫೀಸಿನಲ್ಲಿ ಕೊಟ್ಟ ಡೈರಿಯನ್ನು ನಿನಗೆ ಕೊಟ್ಟಿದ್ದೆ. ಜನವರಿ ಒಂಬತ್ತರವರೆಗೆ ಬರೆದೆ, ಆಮೇಲೆ ನಿಲ್ಲಿಸಿದೆ. ಆಗ ನಿನ್ನನ್ನು ಸೋಮಾರಿ ಅಂದಿದ್ದು ನನ್ನ ತಪ್ಪು. ತಾರೀಕು ಅಚ್ಚಾಗಿರೋ ಡೈರಿಯೇ ಹಾಗೆ. ನಾಲ್ಕು ದಿನ ಜ್ವರ ಬಂದು ಮಲಗಿದರೆ ನಾಲ್ಕು ಖಾಲಿ ಪುಟ ಸಾಲ ಕೇಳಲು ಬಂದವರ ಹಾಗೆ ಕೂತಿರುತ್ತವೆ. ಇದರಲ್ಲಿ ತಾರೀಕಿಲ್ಲ. ಬರೆದ ದಿನ ನೀನೇ ಮೇಲೆ ಹಾಕಿಕೊ. ಒಂದು ದಿನ ಎರಡು ಸಾಲು, ಇನ್ನೊಂದು ದಿನ ಆರು ಪುಟ, ನಡುವೆ ಹದಿನೈದು ದಿನ ಏನೂ ಇಲ್ಲದಿದ್ದರೂ ಲೆಕ್ಕ ಕೇಳುವವರಿಲ್ಲ. ಸ್ಪೈರಲ್ ಪುಸ್ತಕ ಬೇಡ ಅಂತ ಹೊಲಿಗೆ ಹಾಕಿದ ಬೈಂಡಿಂಗಿನದೇ ತಂದೆ. ಸ್ಪೈರಲ್ಲಿನಲ್ಲಿ ಹಾಳೆ ಹರಿಯೋದು ಸುಲಭ, ನಿನಗೋ ಇಷ್ಟವಾಗದ್ದನ್ನು ಕಿತ್ತು ಹಾಕೋ ಚಾಳಿ.

ಅಂಗಡಿಯಲ್ಲಿ ಪುಟಾಣಿ ಬೀಗದ ಡೈರಿಯೂ ಇತ್ತು. ಹೇರ್‌ಪಿನ್ನಿಗೆ ತೆರೆದುಕೊಳ್ಳೋ ಬೀಗ ಅದು. ಒಳಗೆ ಏನೋ ಇದೆ ಅಂತ ನಿನ್ನ ತಮ್ಮನಿಗೆ ಸಾರಿ ಹೇಳೋಕಷ್ಟೇ ಲಾಯಕ್ಕು.

ನಿನ್ನ ವಯಸ್ಸಿನಲ್ಲಿ ನಾನೂ ಬರೀತಿದ್ದೆ. ಒಂದು ಸಂಜೆ ಮನೆಯವರೊಬ್ಬರು ಅದನ್ನು ತೆಗೆದು, ಬಂದ ನೆಂಟರೆದುರು ನಗುನಗುತ್ತಾ ಗಟ್ಟಿಯಾಗಿ ಓದಿಬಿಟ್ಟರು. ಅದರಲ್ಲಿ ದೊಡ್ಡ ಗುಟ್ಟೇನೂ ಇರಲಿಲ್ಲ. ಆದರೂ ಆಮೇಲೆ ಬರೆದದ್ದೆಲ್ಲ ಯಾರೋ ಓದ್ತಾರೆ ಅಂತಲೇ ಬರೆದದ್ದು: 'ಇಂದು ಬೇಗ ಎದ್ದೆ, ಪಾಠ ಓದಿದೆ.' ಎರಡು ತಿಂಗಳಲ್ಲಿ ಅದೂ ನಿಂತಿತು.

ಆನ್ ಫ್ರಾಂಕ್ ಹೆಸರು ನಿನಗೆ ಗೊತ್ತು, ಹಿಟ್ಲರನ ನಾಜಿಗಳಿಂದ ತಪ್ಪಿಸಿಕೊಳ್ಳಲು ಮನೆಯವರ ಜೊತೆ ಅಡಗಿ ಕೂತಿದ್ದ ಯಹೂದಿ ಹುಡುಗಿ. 1942ರ ಜೂನ್ 12ರಂದು, ಹದಿಮೂರು ತುಂಬಿದ ದಿನ, ಅವಳಿಗೆ ಸಿಕ್ಕಿದ್ದು ಕೆಂಪು ಚೌಕುಳಿ ಬಟ್ಟೆಯ ಒಂದು ಆಟೋಗ್ರಾಫ್ ಪುಸ್ತಕ. ಅದನ್ನೇ ಅವಳು ಡೈರಿ ಮಾಡಿಕೊಂಡಳು. ಕಿಟ್ಟಿ ಅನ್ನೋ ಕಲ್ಪನೆಯ ಗೆಳತಿಗೆ ಕಾಗದ ಬರೆದ ಹಾಗೆ ಬರೆದಳು. ಎರಡು ಪುಟಗಳ ಮೇಲೆ ಕಂದು ಕಾಗದ ಅಂಟಿಸಿ ಮುಚ್ಚಿಟ್ಟಿದ್ದಳು ಕೂಡ. 1944ರ ಆಗಸ್ಟಿನಲ್ಲಿ ಅವರೆಲ್ಲ ಸೆರೆಯಾದಾಗ, ಅಡಗಿದ್ದವರಿಗೆ ನೆರವಾಗಿದ್ದ ಮೀಪ್ ಗೀಸ್ ಆ ಹಾಳೆಗಳನ್ನು ಎತ್ತಿ ಮೇಜಿನ ಡ್ರಾಯರಿನಲ್ಲಿಟ್ಟರು. ಹುಡುಗಿ ಬಂದ ಮೇಲೆ ಅವಳ ಕೈಗೇ ಕೊಡಬೇಕು ಅಂತ ಓದದೆ ಇಟ್ಟರು. ಅವಳು ಬರಲಿಲ್ಲ ಅನ್ನೋದು ಬೇರೆ ಮಾತು. ನನಗೆ ಮತ್ತೆ ಮತ್ತೆ ನೆನಪಾಗೋದು ಓದದ ಆ ಡ್ರಾಯರು.

ಹಾಗಾಗಿ ನನ್ನ ಮಾತು ಇದು: ನಾನು ಓದಲ್ಲ, ಅಪ್ಪ ಓದಲ್ಲ. ಹಾಸಿಗೆ ಕೊಡವುವಾಗ ತೆರೆದುಬಿದ್ದಿದ್ದರೆ ಮುಚ್ಚಿಡ್ತೀನಿ. 'ಇವತ್ತು ಬರೆದೆಯಾ?' ಅಂತಲೂ ಕೇಳಲ್ಲ. ನಿನ್ನ ಬಗ್ಗೆ ಭಯವಾದರೆ ಪುಸ್ತಕ ತೆಗೆಯೋ ಮೊದಲು ನಿನ್ನನ್ನೇ ಕೂರಿಸಿಕೊಂಡು ಕೇಳ್ತೀನಿ. ನೀನಾಗಿಯೇ ಒಂದು ಪುಟ ತೋರಿಸಿದರೆ ಓದ್ತೀನಿ, ಆದರೆ ಒತ್ತು, ದೀರ್ಘ ತಿದ್ದಲ್ಲ. ಕನ್ನಡದ ನಡುವೆ ಇಂಗ್ಲಿಷ್ ಬಂದರೂ ಬರಲಿ, ಇದಕ್ಕೆ ಮಾರ್ಕ್ಸ್ ಇಲ್ಲ.

ಏನು ಬರೆಯೋದು ಅಂತ ಕೇಳ್ತೀಯ, ಗೊತ್ತು. ಕಳೆದ ರಜೆಯಲ್ಲಿ ಶಾಲೆಗೆ ಕೊಡಲು ಬರೆದಿದ್ದೆಯಲ್ಲ: 'ಅಜ್ಜಿ ಮನೆಗೆ ಹೋದೆವು. ತುಂಬಾ ಮಜಾ ಬಂತು.' ಅದೇ ದಿನ ಬಸ್ಸಿನಲ್ಲಿ ನನಗೆ ಹೇಳಿದ್ದು ಬೇರೆ. ಅಜ್ಜಿ ಒಬ್ಬಟ್ಟು ಎಣಿಸಿ 'ನಿಂಗೆ ಎರಡು, ನಿಮ್ಮಪ್ಪನಿಗೆ ಒಂದೂವರೆ' ಅಂದಿದ್ದು, ಉಳಿದ ಅರ್ಧವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋಗಿ ತಿಂದಿದ್ದು, ಸಕ್ಕರೆ ಕಾಯಿಲೆ ಇರೋದರಿಂದ ತಿಂದಿದ್ದನ್ನು ಯಾರಿಗೂ ಹೇಳಬೇಡ ಅಂತ ನಿನಗೆ ಕಣ್ಣು ಮಿಟುಕಿಸಿದ್ದು. ಬರೆಯಬೇಕಾದ್ದು ಅದು. 'ಮಜಾ', 'ಬೇಜಾರು' ಅಂತ ಬರೆದ ಕೂಡಲೇ ಒಂದು ಕ್ಷಣ ನಿಂತು, ಆಗ ಏನು ಕಂಡೆ, ಯಾರು ಏನಂದರು ಅಂತ ಕೇಳಿಕೊ. ಅಂದ ಮಾತನ್ನು ಅವರು ಅಂದ ಹಾಗೆಯೇ ಹಾಕು. ಒಂದೇ ಒಂದು ಮಾತು ನೆನಪಿಗೆ ಬಂದರೆ ಆ ಒಂದೇ ಸಾಕು, ಅವತ್ತಿನದು ಮುಗೀತು.

ಸಿಟ್ಟು ಬಂದಾಗ ನನ್ನ ಮೇಲೂ ಬರಿ. ಆದರೆ ಒಂದೇ ಜಗಳವನ್ನು ದಿನಾ ಬರೆದು ಬರೆದು, ಬರೆದಷ್ಟೂ ಸಿಟ್ಟು ಹೆಚ್ಚುತ್ತಿದೆ ಅನ್ನಿಸಿದರೆ ಪುಸ್ತಕ ಮುಚ್ಚಿ ಯಾರ ಹತ್ತಿರವಾದರೂ ಬಾಯಿಬಿಟ್ಟು ಹೇಳು. ಅಷ್ಟು ಭಾರ ಹೊರೋದು ಕಾಗದದ ಕೆಲಸ ಅಲ್ಲ.

ಮೊದಲ ಪುಟದಲ್ಲಿ ಹರಸಿ ನಾಲ್ಕು ಸಾಲು ಬರೆಯೋಣ ಅಂತ ಪೆನ್ನು ತೆಗೆದವಳು ಹಾಗೇ ಮುಚ್ಚಿಟ್ಟೆ. ಅದಕ್ಕೇ ಈ ಬಿಡಿ ಹಾಳೆ. ನಿನ್ನ ಮೇಜಿನ ಕೆಳಗಿನ ಡ್ರಾಯರು ಖಾಲಿ ಮಾಡಿದ್ದೀನಿ. ಅದಕ್ಕೆ ಇರೋದು ಒಂದೇ ಕೀಲಿಕೈ, ನಿನ್ನ ಜಾಮೆಟ್ರಿ ಬಾಕ್ಸಿನಲ್ಲಿದೆ.

ಅಮ್ಮ